ಎಂಟು ನಂಬರ್ ಬೂಟು ಅಂದ್ರೆ ಎಷ್ಟು ಉದ್ದ?

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಮಾಡುವ ನನ್ನ ಅಕ್ಕನ ಮಗ ಒಂದು ಭಾನುವಾರ ಬಳ್ಳಾರಿಗೆ ಬಂದ. ಹವಾಯಿ ಚಪ್ಪಲಿ ಹಾಕಿಕೊಂಡು ಕುಂಟುತ್ತಾ ಬಂದ. ಎಡಗಾಲಿನ ಕಿರುಬೆರಳ ಮೇಲೆ ಗುಳ್ಳೆ ಎದ್ದು ಒಡೆದಿತ್ತು. ಹೊಸ ಸೇಫ್ಟಿ ಶೂ ತಗೊಂಡು ಎಂಟು ದಿನ ಆಗಿತ್ತಂತೆ.

"ಚಪ್ಪಲಿ ಎಂಟು ಐತಿ ಮಾವಾ, ಓಡೋ ಬೂಟು ಎಂಟು ಐತಿ. ಇದನ್ನೂ ಎಂಟೇ ತಗೊಂಡೀನಿ. ಇದೊಂದೇ ಯಾಕ ಕಚ್ಚತೈತಿ?"

ನನಗೆ ಈ ಪ್ರಶ್ನೆ ಹೊಸದಲ್ಲ. ಚಪ್ಪಲಿ ಅಂಗಡಿಯಲ್ಲಿ ಹನ್ನೆರಡು ವರ್ಷ ಕೂತಿದ್ದೇನೆ. ದಿನಕ್ಕೆ ಒಬ್ಬರಾದರೂ ಇದನ್ನೇ ಕೇಳುತ್ತಾರೆ. ಉತ್ತರ ಹೇಳಬೇಕಂದ್ರೆ ಮೊದಲು ಆ ಎಂಟು ಅನ್ನೋದು ಯಾವುದರ ಅಳತೆ ಅಂತ ನೋಡಬೇಕು. ಅದು ನಮ್ಮ ಕಾಲಿನ ಅಳತೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಅಲ್ಲ.

ಬೂಟನ್ನು ಒಂದು ಅಚ್ಚಿನ ಮೇಲೆ ಹೊಲಿದು ಎಳೆದು ಕೂರಿಸುತ್ತಾರೆ. ಪಾದದ ಆಕಾರದ ಅಚ್ಚು ಅದು. ಹಿಂದೆ ಮರದ್ದು ಇರುತ್ತಿತ್ತು, ಈಗ ಹೆಚ್ಚಾಗಿ ಪ್ಲಾಸ್ಟಿಕ್ಕಿನದು. ಕಾರ್ಖಾನೆಗಳಲ್ಲಿ ಅದಕ್ಕೆ ಲಾಸ್ಟ್ ಅಂತಾರೆ. ನಮ್ಮ ದೇಶದಲ್ಲಿ ಬಳಸುವ ಬ್ರಿಟಿಷ್ ನಂಬರು, ಅಂದ್ರೆ ಡಬ್ಬಿಯ ಮೇಲೆ ಯುಕೆ ಅಂತಲೋ ಇಂಡಿಯಾ ಅಂತಲೋ ಬರೆದಿರುವ ನಂಬರು, ಈ ಅಚ್ಚಿನ ಉದ್ದವನ್ನು ಹೇಳುತ್ತದೆ. ಅಚ್ಚು ಕಾಲಿಗಿಂತ ಉದ್ದ ಇರಲೇಬೇಕು. ನಡೆಯುವಾಗ ಬೆರಳು ಮುಂದಕ್ಕೆ ಜಾರುತ್ತದೆ, ಅದಕ್ಕೆ ಜಾಗ ಬೇಕು. ಎಷ್ಟು ಜಾಗ ಬಿಡಬೇಕು ಅನ್ನೋದನ್ನ ಆ ಅಚ್ಚು ಮಾಡಿದವರು ತೀರ್ಮಾನ ಮಾಡುತ್ತಾರೆ. ಒಬ್ಬರು 10 ಮಿ.ಮೀ. ಬಿಡುತ್ತಾರೆ, ಇನ್ನೊಬ್ಬರು 15 ಬಿಡುತ್ತಾರೆ. ಚೂಪು ಮೂತಿಯ ಬೂಟಾದರೆ 20 ದಾಟಬಹುದು, ಯಾಕಂದ್ರೆ ಆ ಚೂಪಿನೊಳಗೆ ಬೆರಳು ಹೋಗೋದೇ ಇಲ್ಲ. ಇಷ್ಟು ಗೊತ್ತಾದರೆ ಅರ್ಧ ಗೊಂದಲ ಮುಗಿಯಿತು. ಒಂದೇ ನಂಬರಿನ ಎರಡು ಅಚ್ಚುಗಳು ಒಂದೇ ಉದ್ದ ಇದ್ದರೂ ಒಳಗಿನ ಕಾಲಿಗೆ ಸಿಗುವ ಜಾಗ ಒಂದೇ ಆಗಿರಬೇಕಿಲ್ಲ.

ಇನ್ನು ಆ ನಂಬರು ಹುಟ್ಟೋದು ಹೇಗೆ? ಬ್ರಿಟಿಷರ ಲೆಕ್ಕದ ಮೂಲ ಬಾರ್ಲಿ ಕಾಳು. ಮೂರು ಬಾರ್ಲಿ ಕಾಳು ಉದ್ದಕ್ಕೆ ಜೋಡಿಸಿದರೆ ಒಂದು ಇಂಚು. ಹಾಗಾಗಿ ಒಂದು ನಂಬರಿಗೂ ಮುಂದಿನ ನಂಬರಿಗೂ ಇಂಚಿನ ಮೂರನೇ ಒಂದು ಭಾಗ ವ್ಯತ್ಯಾಸ, ಅಂದ್ರೆ ಸುಮಾರು 8.5 ಮಿ.ಮೀ. ನಮ್ಮ ಕಡೆ ಚಿನ್ನ ತೂಗೋಕೆ ಗುಲಗಂಜಿ ಇದ್ದ ಹಾಗೆ ಅವರಿಗೆ ಬಾರ್ಲಿ ಕಾಳು. ದೊಡ್ಡವರ ನಂಬರಿನ ಲೆಕ್ಕ ಇಷ್ಟೇ:

ಯುಕೆ ನಂಬರು = (ಇಂಚಿನಲ್ಲಿ ಅಚ್ಚಿನ ಉದ್ದ × 3) − 25

ಎಂಟಕ್ಕೆ ಹಾಕಿ ನೋಡಿ. ಅಚ್ಚು ಸರಿಯಾಗಿ 11 ಇಂಚು ಇರಬೇಕು. 33 ರಲ್ಲಿ 25 ಕಳೆದರೆ 8. ಮಿಲಿಮೀಟರಿನಲ್ಲಿ 279 ಚಿಲ್ಲರೆ.

ಯುರೋಪಿನವರದು ಬೇರೆ ಲೆಕ್ಕ. ಅವರ ಒಂದು ಹೆಜ್ಜೆ ಸೆಂಟಿಮೀಟರಿನ ಮೂರನೇ ಎರಡು ಭಾಗ, ಅಂದ್ರೆ 6.67 ಮಿ.ಮೀ. ಇದಕ್ಕೆ ಪ್ಯಾರಿಸ್ ಪಾಯಿಂಟ್ ಅಂತ ಹೆಸರು. ಅಚ್ಚಿನ ಉದ್ದವನ್ನು ಸೆಂಟಿಮೀಟರಿನಲ್ಲಿ ತಗೊಂಡು ಒಂದೂವರೆಯಿಂದ ಗುಣಿಸಿದರೆ ಯುರೋಪಿನ ನಂಬರು ಸಿಗುತ್ತದೆ. ನಮ್ಮ ಎಂಟರ ಅಚ್ಚು 27.94 ಸೆಂ.ಮೀ. ಗುಣಿಸಿದರೆ 41.9. ಹಾಗಾಗಿಯೇ ಹೆಚ್ಚಿನ ಕಡೆ 8 ಅಂದ್ರೆ 42 ಅಂತ ಬರೆದಿರುತ್ತಾರೆ. ಇಲ್ಲಿ ಮೋಸ ಏನೂ ಇಲ್ಲ.

ತೊಂದರೆ ಎಂಟರಿಂದ ಆಚೆ ಈಚೆ ಹೋದಾಗ. ನಮ್ಮ ಅಂಗಡಿಗಳ ಗೋಡೆಯ ಮೇಲೆ, ಆನ್‌ಲೈನ್ ಪಟ್ಟಿಗಳಲ್ಲಿ 6 ಕ್ಕೆ 40, 7 ಕ್ಕೆ 41, 8 ಕ್ಕೆ 42, 9 ಕ್ಕೆ 43, 10 ಕ್ಕೆ 44, 11 ಕ್ಕೆ 45 ಅಂತ ಇರುತ್ತದೆ. ಬಾಯಿಪಾಠಕ್ಕೆ ಸುಲಭ, 34 ಕೂಡಿಸಿದರೆ ಆಯಿತು. ಆದರೆ ಒಂದರ ಹೆಜ್ಜೆ 8.5 ಮಿ.ಮೀ., ಇನ್ನೊಂದರದು 6.67. ಉದ್ದ ಹೆಜ್ಜೆಯವನೂ ಗಿಡ್ಡ ಹೆಜ್ಜೆಯವನೂ ಒಂದೇ ಕಡೆಯಿಂದ ಹೊರಟು ಮೂರು ಹೆಜ್ಜೆ ಇಟ್ಟರೆ ಒಂದೇ ಜಾಗದಲ್ಲಿ ನಿಲ್ತಾರಾ? 11 ನಂಬರಿನ ಅಚ್ಚು 12 ಇಂಚು, ಅಂದ್ರೆ ಸುಮಾರು 305 ಮಿ.ಮೀ. ಯುರೋಪಿನ 45 ಕ್ಕೆ ಅಚ್ಚು 300 ಮಿ.ಮೀ. ಮಾತ್ರ. ಐದು ಮಿ.ಮೀ. ಕಡಿಮೆ. ಕೆಳಗೆ ಬಂದರೆ ಉಲ್ಟಾ. 6 ರ ಅಚ್ಚು 262 ಮಿ.ಮೀ. ಚಿಲ್ಲರೆ, ಯುರೋಪಿನ 40 ರದ್ದು 266 ಚಿಲ್ಲರೆ. ಅಲ್ಲಿ ನಾಲ್ಕು ಮಿ.ಮೀ. ಜಾಸ್ತಿ. ಹಾಗಾಗಿ ಯುರೋಪಿನ ಅಳತೆಯಲ್ಲಿ ಅಚ್ಚು ಮಾಡಿ, ಆಮೇಲೆ ಈ ಪಟ್ಟಿ ನೋಡಿ ಯುಕೆ ನಂಬರು ಹಾಕಿದ ಬೂಟು ಸಣ್ಣ ಕಾಲಿನವರಿಗೆ ಸಡಿಲ, ದೊಡ್ಡ ಕಾಲಿನವರಿಗೆ ಬಿಗಿ ಆಗುತ್ತದೆ. ನಡುವಿನ 8 ರವರಿಗೆ ಮಾತ್ರ ಏನೂ ಗೊತ್ತಾಗೋದಿಲ್ಲ. "ನನಗೆ ಯಾವ ಕಂಪನಿದಾದರೂ ಸರಿ ಹೋಗುತ್ತೆ" ಅನ್ನೋರು ಹೆಚ್ಚಾಗಿ ಈ ನಡುವಿನವರೇ.

ಕೆಲವು ಕಂಪನಿಗಳ ಡಬ್ಬಿ ಮೇಲೆ 42 ⅔, 43 ⅓ ಅಂತ ವಿಚಿತ್ರ ನಂಬರು ನೋಡಿರುತ್ತೀರಿ. ಅಡಿಡಾಸ್ ಹೀಗೆ ಬರೆಯುತ್ತದೆ. ನೋಡಿದರೆ ತಲೆ ಕೆಡುತ್ತದೆ, ಆದರೆ ಲೆಕ್ಕ ಪ್ರಾಮಾಣಿಕ. ಯುಕೆಯ ಅರ್ಧ ನಂಬರು 4.2 ಮಿ.ಮೀ., ಅದು ಪ್ಯಾರಿಸ್ ಪಾಯಿಂಟಿನ ಹತ್ತಿರ ಹತ್ತಿರ ಮೂರನೇ ಎರಡು ಭಾಗ. ಹಾಗಾಗಿ 8 ಕ್ಕೆ 42, 8.5 ಕ್ಕೆ 42 ⅔, 9 ಕ್ಕೆ 43 ⅓ ಅಂತ ಏರುತ್ತಾ ಹೋಗುತ್ತದೆ.

ಅದೇ ಎಂಟನ್ನು ನೈಕಿ ಡಬ್ಬಿಯಲ್ಲಿ ನೋಡಿ. ಅಲ್ಲಿ ಯುಕೆ 8 ಅಂದ್ರೆ ಯುರೋಪಿನ 42.5, ಅಮೆರಿಕದ 9, 27 ಸೆಂ.ಮೀ. ಅಡಿಡಾಸ್‌ನಲ್ಲಿ ಯುಕೆ 8 ಅಂದ್ರೆ ಯುರೋಪಿನ 42, ಅಮೆರಿಕದ 8.5, ಜಪಾನಿನ ಲೆಕ್ಕದಲ್ಲಿ 26.5 ಸೆಂ.ಮೀ. ಎರಡೂ ಎಂಟೇ. ಅರ್ಧ ಸೆಂಟಿಮೀಟರ್ ವ್ಯತ್ಯಾಸ, ಅಂದ್ರೆ ಅರ್ಧ ನಂಬರಿಗಿಂತ ಜಾಸ್ತಿ. ಒಂದರಲ್ಲಿ ಸರಿಹೋದ ಎಂಟು ಇನ್ನೊಂದರಲ್ಲಿ ಬಿಗಿ ಆದರೆ ಆಶ್ಚರ್ಯ ಏನಿಲ್ಲ.

ಅಮೆರಿಕದ ನಂಬರಿನ ಬಗ್ಗೆ ಇಷ್ಟು ಸಾಕು: ಗಂಡಸರದು ಯುಕೆಗಿಂತ ಅರ್ಧ ಅಥವಾ ಒಂದು ಜಾಸ್ತಿ. ಹೆಂಗಸರದು ಅದಕ್ಕಿಂತಲೂ ಸುಮಾರು ಒಂದೂವರೆ ಜಾಸ್ತಿ. ಅಮೆರಿಕದಿಂದ ಮಗ "ನಿಮ್ಮ ನಂಬರು ಎಂಟೇ ಅಲ್ವಾ" ಅಂತ ಎಂಟು ತಂದರೆ ಅಪ್ಪನ ಕಾಲು ಒಳಗೆ ಹೋಗೋದಿಲ್ಲ. ಅದು ನಮ್ಮ ಏಳೋ ಏಳೂವರೆಯೋ ಇರುತ್ತದೆ.

ಬಳ್ಳಾರಿಯವರಿಗೆ ಇದು ಬೇಗ ಅರ್ಥ ಆಗಬೇಕು. ಇಲ್ಲಿ ಮನೆ ಮನೆಯಲ್ಲಿ ಜೀನ್ಸ್ ಹೊಲಿಯುತ್ತಾರೆ. 32 ಅಂತ ಚೀಟಿ ಇರುವ ಪ್ಯಾಂಟಿನ ಸೊಂಟಕ್ಕೆ ಟೇಪು ಹಿಡಿದರೆ 34 ಬರೋದು ಅವರಿಗೆ ಗೊತ್ತು. ಗಿರಾಕಿಗೆ ಖುಷಿಯಾಗಲಿ ಅಂತ ಸಣ್ಣ ನಂಬರು ಹಾಕುವುದುಂಟು. ಬೂಟಿನಲ್ಲಿ ಹಾಗೆ ಮಸ್ಕಾ ಹೊಡೆಯೋ ಉದ್ದೇಶ ಇಲ್ಲ, ಆದರೆ ಫಲ ಒಂದೇ. ಚೀಟಿ ನಂಬೋಕೆ ಆಗೋದಿಲ್ಲ, ಟೇಪು ಹಿಡೀಬೇಕು.

ಸರಿ, ಅಳಿಯನ ಕಾಲಿಗೆ ಬರೋಣ.

ಅವನನ್ನು ಸಂಜೆ ತನಕ ಕೂರಿಸಿಕೊಂಡೆ. ಬೆಳಿಗ್ಗೆಯ ಕಾಲು ಬೇರೆ, ಸಂಜೆಯ ಕಾಲು ಬೇರೆ. ನಮ್ಮೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ, ದಿನವೆಲ್ಲ ನಿಂತು ಕೆಲಸ ಮಾಡಿದವನ ಕಾಲು ಊದಿಕೊಂಡಿರುತ್ತದೆ. ಬೂಟು ಕಚ್ಚುವುದೂ ಆಗಲೇ. ಕೆಲಸಕ್ಕೆ ಹಾಕುವ ದಪ್ಪ ಕಾಲುಚೀಲ ಹಾಕಿಸಿದೆ. ಗೋಡೆಗೆ ತಾಗುವಂತೆ ನೆಲದ ಮೇಲೆ ಹಾಳೆ ಇಟ್ಟು, ಹಿಮ್ಮಡಿ ಗೋಡೆಗೆ ಒತ್ತಿ ನಿಲ್ಲಿಸಿದೆ. ಕೂತು ಅಳೆಯಬಾರದು. ಮೈ ಭಾರ ಬಿದ್ದಾಗ ಪಾದ ಉದ್ದಕ್ಕೂ ಅಗಲಕ್ಕೂ ಹರಡುತ್ತದೆ. ಪೆನ್ಸಿಲನ್ನು ನೆಟ್ಟಗೆ ಹಿಡಿದು ಉದ್ದದ ಬೆರಳಿನ ತುದಿಗೆ ಗುರುತು ಹಾಕಿದೆ. ಪೆನ್ಸಿಲು ಒಳಕ್ಕೆ ವಾಲಿದರೆ ಮೂರು ನಾಲ್ಕು ಮಿ.ಮೀ. ಕಡಿಮೆ ಬರುತ್ತದೆ, ಹೊರಕ್ಕೆ ವಾಲಿದರೆ ಜಾಸ್ತಿ. ಅಂದ್ರೆ ಅರ್ಧ ನಂಬರು ಪೆನ್ಸಿಲಿನಲ್ಲೇ ಹೋಯಿತು! ಇನ್ನೊಂದು, ಉದ್ದದ ಬೆರಳು ಹೆಬ್ಬೆರಳೇ ಆಗಬೇಕಿಲ್ಲ. ಎಷ್ಟೋ ಜನರಿಗೆ ಪಕ್ಕದ ಬೆರಳು ಉದ್ದ ಇರುತ್ತದೆ. ಇವನದೂ ಹಾಗೇ.

ಬಲಗಾಲು 262 ಮಿ.ಮೀ. ಬಂತು. ಎಡಗಾಲು 266. ಎರಡು ಕಾಲಿಗೆ ವ್ಯತ್ಯಾಸ ಇರುವುದು ಸಾಮಾನ್ಯ, ಯಾವಾಗಲೂ ದೊಡ್ಡ ಕಾಲಿನ ಲೆಕ್ಕ ಹಿಡಿಯಬೇಕು. ಈಗ 266 ಕ್ಕೆ ಬೆರಳಿನ ಮುಂದೆ 12 ಮಿ.ಮೀ. ಜಾಗ ಕೂಡಿಸಿದರೆ 278. ಎಂಟರ ಅಚ್ಚು 279. ಅಂದ್ರೆ ಉದ್ದಕ್ಕೆ ಎಂಟು ಸರಿಯಾಗಿಯೇ ಇದೆ. ಒಂಬತ್ತು ತಗೊಂಡಿದ್ದರೆ ಅಚ್ಚು 288, ಮುಂದೆ 22 ಮಿ.ಮೀ. ಖಾಲಿ ಉಳಿಯುತ್ತಿತ್ತು.

ಹಾಗಾದರೆ ಗುಳ್ಳೆ ಯಾಕೆ? ಗುಳ್ಳೆ ಎದ್ದ ಜಾಗವೇ ಉತ್ತರ ಹೇಳುತ್ತಿತ್ತು. ಬೂಟು ಗಿಡ್ಡ ಆದರೆ ಉದ್ದದ ಬೆರಳಿನ ತುದಿ ನೋಯುತ್ತದೆ, ಉಗುರು ಕಪ್ಪಾಗುತ್ತದೆ. ಉದ್ದ ಆದರೆ ಹಿಮ್ಮಡಿ ಉಜ್ಜಿ ಸಿಪ್ಪೆ ಏಳುತ್ತದೆ. ಕಿರುಬೆರಳ ಹೊರಬದಿಗೆ ಗುಳ್ಳೆ ಬಂದರೆ ಅಗಲ ಸಾಲದು ಅಂತ. ಇವನ ಬೇರೆ ಬೆರಳಿಗೆ ಏನೂ ಆಗಿರಲಿಲ್ಲ, ಹಿಮ್ಮಡಿಯೂ ಚೆನ್ನಾಗಿತ್ತು.

ಬೂಟಿನೊಳಗಿನ ಮೆತ್ತೆ ಹೊರಗೆ ತೆಗೆಸಿದೆ. ಹೆಚ್ಚಿನ ಬೂಟುಗಳಲ್ಲಿ ಅದು ಕೈಗೆ ಬರುತ್ತದೆ. ಅದನ್ನು ನೆಲಕ್ಕಿಟ್ಟು ಅದರ ಮೇಲೆ ನಿಲ್ಲಲು ಹೇಳಿದೆ. ಇದಕ್ಕಿಂತ ಒಳ್ಳೆ ಪರೀಕ್ಷೆ ನನಗೆ ಗೊತ್ತಿಲ್ಲ, ಖರ್ಚೂ ಇಲ್ಲ. ಮುಂದೆ ಬೆರಳಿಗೂ ಮೆತ್ತೆಯ ತುದಿಗೂ ಹೆಬ್ಬೆರಳಿನ ಅಗಲದಷ್ಟು ಜಾಗ ಇತ್ತು. ಸರಿ. ಬದಿಗಳಲ್ಲಿ ಪಾದ ಎರಡು ಮೂರು ಮಿ.ಮೀ. ಹೊರಗೆ ಚಾಚಿದರೆ ತಪ್ಪಿಲ್ಲ, ಬೂಟಿನ ಮೇಲ್ಭಾಗ ಅಷ್ಟು ಉಬ್ಬಿರುತ್ತದೆ. ಇವನ ಕಿರುಬೆರಳಂತೂ ಏಳು ಮಿ.ಮೀ. ಹೊರಗೆ ಇತ್ತು, ಬಸ್ಸಿನ ಬಾಗಿಲಲ್ಲಿ ನೇತಾಡೋ ಹುಡುಗನ ಹಾಗೆ.

ಚಪ್ಪಲಿಯಲ್ಲಿ ಇದು ಗೊತ್ತಾಗಲಿಲ್ಲ, ಯಾಕಂದ್ರೆ ಅದಕ್ಕೆ ಗೋಡೆಯೇ ಇಲ್ಲ. ಓಡುವ ಬೂಟಿನ ಮೇಲ್ಭಾಗ ಬಲೆ ಬಟ್ಟೆಯದು, ಕಿರುಬೆರಳು ಒತ್ತಿದರೆ ಅದು ಉಬ್ಬಿ ಜಾಗ ಕೊಡುತ್ತದೆ. ಸೇಫ್ಟಿ ಶೂ ಮುಂಭಾಗದಲ್ಲಿ ಉಕ್ಕಿನ ಟೊಪ್ಪಿಗೆ ಇರುತ್ತದೆ. 200 ಜೂಲ್ ಪೆಟ್ಟು ತಡೆಯಬೇಕು ಅಂತ ಅದಕ್ಕೆ ನಿಯಮ. ಅಂಥದ್ದು ಕಿರುಬೆರಳಿಗೆ ಹೆದರಿ ಸರಿಯುತ್ತಾ? ಚರ್ಮದ ಬೂಟಾದರೆ ಹಾಕ್ತಾ ಹಾಕ್ತಾ ಸ್ವಲ್ಪ ಸಡಿಲ ಆಗುತ್ತದೆ ಅಂತ ನಾವೇ ಗಿರಾಕಿಗೆ ಹೇಳುತ್ತೇವೆ. ಅದು ಅಗಲದ ಮಟ್ಟಿಗೆ ನಿಜ, ಉದ್ದಕ್ಕೆ ಅಲ್ಲ. ಉಕ್ಕಿನ ಟೊಪ್ಪಿಗೆಗೆ ಎರಡೂ ಇಲ್ಲ. ಮೊದಲ ದಿನ ಕಚ್ಚಿದ್ದು ಕೊನೆಯ ದಿನವೂ ಕಚ್ಚುತ್ತದೆ.

"ಹಂಗಾರ ಒಂಬತ್ತು ತಗೋತೀನಿ ಬಿಡು" ಅಂದ ಅಳಿಯ. ಎಲ್ಲರೂ ಮಾಡೋದು ಇದನ್ನೇ. ನಿಜ ಹೇಳಬೇಕಂದ್ರೆ ಎಷ್ಟೋ ಅಂಗಡಿಯವರು ಮಾಡಿಸೋದೂ ಇದನ್ನೇ, ಯಾಕಂದ್ರೆ ಒಂಬತ್ತು ಸ್ಟಾಕ್ ಇರುತ್ತದೆ, ಅಗಲದ ಎಂಟು ಇರೋದಿಲ್ಲ.

ಇದರಲ್ಲಿ ಏನು ತಪ್ಪು ಅಂತ ನೋಡಿ. ನಂಬರು ಒಂದು ಏರಿದರೆ ಉದ್ದ 8.5 ಮಿ.ಮೀ. ಹೆಚ್ಚುತ್ತದೆ. ಬೆರಳುಗಳ ಬುಡದಲ್ಲಿ, ಪಾದ ಅತಿ ಅಗಲ ಇರುವಲ್ಲಿ, ಅಚ್ಚಿನ ಸುತ್ತಳತೆ ಸುಮಾರು 6 ಮಿ.ಮೀ. ಹೆಚ್ಚುತ್ತದೆ. ಸುತ್ತಳತೆ ಅಂದ್ರೆ ಮೇಲೆ ಕೆಳಗೆ ಎಡ ಬಲ ಎಲ್ಲ ಸೇರಿ. ಅದರಲ್ಲಿ ಅಗಲಕ್ಕೆ ಸಿಗುವುದು ಎರಡು ಮಿ.ಮೀ. ಆಸುಪಾಸು. ಅಷ್ಟು ಪುಡಿ ಅಗಲಕ್ಕಾಗಿ ಬೇಡದ ಎಂಟೂವರೆ ಮಿ.ಮೀ. ಉದ್ದ ಹೊತ್ತುಕೊಂಡು ತಿರುಗಬೇಕು. ಆಮೇಲೆ ಬೂಟು ಮಡಚುವ ಜಾಗ ಒಂದು ಇರುತ್ತದೆ. ಅದು ಹೆಬ್ಬೆರಳ ಬುಡದ ಗಂಟಿನ ಕೆಳಗೇ ಬರಬೇಕು. ಉದ್ದದ ಬೂಟಿನಲ್ಲಿ ಅದು ಮುಂದಕ್ಕೆ ಹೋಗುತ್ತದೆ. ಮೆಟ್ಟಿಲು ಹತ್ತುವಾಗ, ಮಂಡಿಯೂರಿ ಕೂರುವಾಗ ಉಕ್ಕಿನ ಟೊಪ್ಪಿಗೆಯ ಹಿಂದಿನ ಅಂಚು ಬೆರಳುಗಳ ಮೇಲೇ ಒತ್ತಬಹುದು. ಹಿಮ್ಮಡಿ ಎದ್ದು ಬಿದ್ದು ಉಜ್ಜುತ್ತದೆ. ಕಿರುಬೆರಳ ಗುಳ್ಳೆ ಹೋಗಿ ಹಿಮ್ಮಡಿಗೆ ಬಂದಂತಾಯಿತು.

ಬೇಕಾದದ್ದು ಎಂಟೇ, ಆದರೆ ಅಗಲದ ಎಂಟು. ಅಗಲಕ್ಕೂ ಅಕ್ಷರದ ಗುರುತುಗಳಿವೆ. ಇಲ್ಲೂ ಒಂದೊಂದು ದೇಶದ್ದು ಒಂದೊಂದು. ಅಮೆರಿಕದ ಗಂಡಸರ ಬೂಟಿಗೆ 'ಡಿ' ಅಂದ್ರೆ ಸಾಮಾನ್ಯ ಅಗಲ, '2ಇ' ಅಂದ್ರೆ ಅಗಲ, '4ಇ' ಅಂದ್ರೆ ಇನ್ನೂ ಅಗಲ. ಬ್ರಿಟನ್ನಿನ ಕೆಲವು ಕಂಪನಿಗಳಲ್ಲಿ ಗಂಡಸರಿಗೆ 'ಜಿ' ಸಾಮಾನ್ಯ, 'ಎಚ್' ಅಗಲ. ಒಂದರ ಅಕ್ಷರವನ್ನು ಇನ್ನೊಂದಕ್ಕೆ ಹೊಂದಿಸಲು ಹೋಗಬೇಡಿ, ಕೂಡೋದಿಲ್ಲ. ನಮ್ಮಲ್ಲಿ ಸಿಗುವ ಬಹಳಷ್ಟು ಬೂಟುಗಳ ಮೇಲೆ ಅಗಲದ ಗುರುತೇ ಇರೋದಿಲ್ಲ. ನನ್ನ ಪ್ರಕಾರ ದೊಡ್ಡ ಕೊರತೆ ಇದೇ, ನಂಬರು ಬದಲಾಯಿಸುವ ಲೆಕ್ಕ ಅಲ್ಲ. ನಾವು ಹುಟ್ಟಿದಾಗಿಂದ ಚಪ್ಪಲಿಯಲ್ಲೋ ಬರಿಗಾಲಲ್ಲೋ ಬೆಳೆದವರು. ನಮ್ಮ ಬೆರಳುಗಳು ಬಿಡಿಸಿಕೊಂಡು ನಿಂತಿರುತ್ತವೆ. ಬೂಟಿನೊಳಗೆ ಬೆಳೆದ ಪಾದಕ್ಕೆ ಮಾಡಿದ ಅಚ್ಚು ಅದಕ್ಕೆ ಹೇಗೆ ಒಪ್ಪುತ್ತದೆ?

ಇದನ್ನು ಅಳೆದು ನೋಡುವ ಕೆಲಸ ನಡೆದಿದೆ. ಚೆನ್ನೈನ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆಯವರು 2021 ರ ಕೊನೆಯಿಂದ 2022 ರ ಮಾರ್ಚ್ ತನಕ ದೇಶದ ಬೇರೆ ಬೇರೆ ಕಡೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದವನ್ನು ಸ್ಕ್ಯಾನರಿನಲ್ಲಿ ಅಳೆದರು. ನಮ್ಮ ಪಾದ ಯುರೋಪಿನವರದಕ್ಕಿಂತ ಅಗಲ ಅಂತ ಗೊತ್ತಾಯಿತು. ಅದರ ಮೇಲೆ 'ಭಾ' ಅನ್ನುವ ಭಾರತದ್ದೇ ಅಳತೆ ಪದ್ಧತಿಯನ್ನು ಸೂಚಿಸಿದರು.

ಅಳಿಯನಿಗೆ ಮಾಡಿದ್ದು ಇಷ್ಟು. ಮುಂದಿನ ವಾರ ಎರಡು ಮೂರು ಅಂಗಡಿ ಸುತ್ತಿದೆವು. ಬರೀ ನಂಬರು ಹೇಳಲಿಲ್ಲ, ಮೂತಿ ದುಂಡಗಿರುವ ಎಂಟು ಕೊಡಿ ಅಂದೆವು. ಪ್ರತಿ ಬೂಟಿನ ಮೆತ್ತೆ ತೆಗೆದು ಮೇಲೆ ನಿಂತು ನೋಡಿದ. ಅಂಗಡಿಯ ಹುಡುಗರು ನಕ್ಕರು, ನಗಲಿ. ನಾಲ್ಕನೆಯದರಲ್ಲಿ ಕಿರುಬೆರಳು ಮೂರು ಮಿ.ಮೀ. ಮಾತ್ರ ಹೊರಗೆ ಬಂತು. ಅದನ್ನು ಹಾಕಿಸಿ, ಲೇಸು ಕಟ್ಟಿಸಿ, ಉಕ್ಕಿನ ಅಂಚು ಎಲ್ಲಿ ಬರುತ್ತದೆ ಅಂತ ನೋಡಲು ಮಂಡಿಯೂರಿಸಿ ಕೂರಿಸಿದೆ. ಬೆರಳಿಗೆ ತಾಗಲಿಲ್ಲ. ಅದನ್ನೇ ತಗೊಂಡ.

ಅವನ ಮೊಬೈಲಿನಲ್ಲಿ ಎಡಗಾಲು 266 ಅಂತ ಬರೆಸಿದೆ. ಇನ್ನು ಮೇಲೆ ಆನ್‌ಲೈನಿನಲ್ಲಿ ಏನೇ ತರಿಸಿದರೂ ಹೋಲಿಸಬೇಕಾದದ್ದು ಈ ಸಂಖ್ಯೆ. ಕಂಪನಿಯ ಪಟ್ಟಿಯಲ್ಲಿ ಪಾದದ ಉದ್ದ ಅಂತ ಸೆಂಟಿಮೀಟರಿನ ಒಂದು ಸಾಲು ಇರುತ್ತದೆ. ಅದರಲ್ಲಿ 26.6 ಕ್ಕೆ ಸಮ ಅಥವಾ ಅದಕ್ಕಿಂತ ಸ್ವಲ್ಪ ಮೇಲಿನದನ್ನು ಹಿಡಿದು, ಅದರ ಪಕ್ಕದ ನಂಬರು ಏನೇ ಇರಲಿ ಅದನ್ನು ತರಿಸಬೇಕು. ಒಂದು ಎಚ್ಚರ ಬೇಕು. ಕೆಲವು ಪಟ್ಟಿಗಳಲ್ಲಿ ಆ ಸಾಲು ಪಾದದ ಉದ್ದ ಅಲ್ಲ, ಒಳಗಿನ ಮೆತ್ತೆಯ ಉದ್ದ. ಆಗ 12 ಮಿ.ಮೀ. ಕೂಡಿಸಿ 27.8 ಹುಡುಕಬೇಕು. ಯಾವುದು ಅಂತ ಪಟ್ಟಿಯ ತಲೆಯಲ್ಲಿ ಬರೆದಿರುತ್ತದೆ. ಬರೆದಿಲ್ಲ ಅಂದ್ರೆ ಎಂಟರ ಮುಂದೆ ಏನಿದೆ ನೋಡಿ. 26.5 ರಿಂದ 27 ಇದ್ದರೆ ಪಾದದ್ದು, 28 ರ ಹತ್ತಿರ ಇದ್ದರೆ ಮೆತ್ತೆಯದು. ಚೀನಾ ಮತ್ತು ಜಪಾನಿನ ಸೆಂಟಿಮೀಟರ್ ಕೂಡ ಒಂದೇ ಅಲ್ಲ. ಅಡಿಡಾಸಿನ ಯುಕೆ 8.5 ರ ಚೀಟಿಯಲ್ಲಿ ಜಪಾನಿಗೆ 270, ಚೀನಾಕ್ಕೆ 265 ಅಂತ ಅಕ್ಕಪಕ್ಕದಲ್ಲೇ ಇರುತ್ತದೆ.

ಹದಿನೈದು ದಿನ ಬಿಟ್ಟು ಅವನ ಫೋನು ಬಂತು. ಬೂಟಿನ ವಿಷಯ ಇರಬೇಕು ಅಂದುಕೊಂಡೆ. ಅವನ ಕಾಲು ಚೆನ್ನಾಗಿತ್ತು. ಮಗಳಿಗೆ ಸ್ಕೂಲ್ ಶೂ ತರೋಕೆ ಹೋಗಿದ್ದನಂತೆ.

"ಹೋದ ವರ್ಷ ಹದಿಮೂರು ಆಗತಿತ್ತು ಮಾವಾ. ಈಗ ಅಂಗಡಿಯವ್ರು ಒಂದು ನಂಬರ್ ಕೊಟ್ಟಾರ. ಕೂಸಿನ ಬೂಟು ಕೊಟ್ಟಾರೇನು?"

ಇಲ್ಲಪ್ಪಾ ಅಂದೆ. ಬ್ರಿಟಿಷರ ಲೆಕ್ಕದಲ್ಲಿ ಮಕ್ಕಳ ನಂಬರು ಹದಿಮೂರಕ್ಕೆ ಮುಗಿಯುತ್ತದೆ. ಅದರ ಮುಂದಿನ ಹೆಜ್ಜೆ ದೊಡ್ಡವರ ಒಂದು. ಹದಿಮೂರರ ಅಚ್ಚು 212 ಮಿ.ಮೀ., ಈ ಒಂದರದ್ದು 220. ಮಗಳ ಕಾಲು ಬೆಳೆದಿದೆ, ಅಷ್ಟೇ. ಮೆತ್ತೆ ತೆಗೆದು ಅದರ ಮೇಲೆ ನಿಲ್ಲಿಸಿ ನೋಡು ಅಂದೆ. ಆಗಲೇ ನಿಲ್ಲಿಸಿದ್ದನಂತೆ.